8 ಮೆಗಾಹರ್ಟ್ಸ್ ಕ್ರಿಸ್ಟಲ್‌ನಿಂದ 168 ಮೆಗಾಹರ್ಟ್ಸ್ ಬರುವುದು ಹೇಗೆ?

ಪ್ರಶ್ನೆ: ಸರ್, ನನ್ನ STM32F407 ಡಿಸ್ಕವರಿ ಬೋರ್ಡಿನಲ್ಲಿ 8 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆ, ಆದರೆ ಚಿಪ್ 168 ಮೆಗಾಹರ್ಟ್ಸ್‌ನಲ್ಲಿ ಓಡುತ್ತೆ ಅಂತಾರೆ. ಫ್ಲಿಪ್‌ಫ್ಲಾಪ್ ಹಾಕಿ ಕ್ಲಾಕನ್ನು ಭಾಗಿಸೋದು ಗೊತ್ತು. ಗುಣಿಸೋದು ಹೇಗೆ? ಪಿಎಲ್‌ಎಲ್ "ಲಾಕ್" ಆಯ್ತು ಅಂದ್ರೆ ಒಳಗೆ ನಿಜವಾಗಿ ಏನಾಯ್ತು? ಇನ್ನೊಂದು ವಿಷಯ, ಬೇರೆ ಬೋರ್ಡಿನ ಕೋಡ್ ತಂದು ಹಾಕಿದಾಗ ಸೀರಿಯಲ್ ಪೋರ್ಟಿನಲ್ಲಿ ಬರೀ ಕಸ ಬರ್ತಿದೆ. ಅದಕ್ಕೂ ಪಿಎಲ್‌ಎಲ್‌ಗೂ ಸಂಬಂಧ ಇದೆಯಾ?

ಉತ್ತರ: ಸಂಬಂಧ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ಪಿಎಲ್‌ಎಲ್ ಎಂಬ ಈ ಫೇಸ್ ಲಾಕ್ಡ್ ಲೂಪ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಆ ಕಸ ಎಲ್ಲಿಂದ ಬಂತು ಎಂದು ನೀವೇ ಲೆಕ್ಕ ಹಾಕಬಹುದು.

ಆ 8 ಮೆಗಾಹರ್ಟ್ಸ್ ಸಿಗ್ನಲ್ಲನ್ನು ಯಾರೂ ಗುಣಿಸುವುದಿಲ್ಲ. ಚಿಪ್ ಒಳಗೆ ಇನ್ನೊಂದು ಆಸಿಲೇಟರ್ ಇದೆ. ಅದು ತಾನಾಗಿಯೇ ನೂರಾರು ಮೆಗಾಹರ್ಟ್ಸ್ ವೇಗದಲ್ಲಿ ಓಡಬಲ್ಲದು. ಅದಕ್ಕೆ ಕೊಡುವ ಒಂದು ವೋಲ್ಟೇಜನ್ನು ಏರಿಸಿದರೆ ವೇಗ ಹೆಚ್ಚುತ್ತದೆ, ಇಳಿಸಿದರೆ ಕಡಿಮೆಯಾಗುತ್ತದೆ. ಇದನ್ನೇ ವಿಸಿಒ ಎನ್ನುತ್ತಾರೆ. ವೇಗ ಇದೆ, ಆದರೆ ನಿಖರತೆ ಇಲ್ಲ. ಚಿಪ್ ಬಿಸಿಯಾದರೆ ಅದರ ಫ್ರೀಕ್ವೆನ್ಸಿ ಜಾರುತ್ತದೆ, ಒಂದು ಚಿಪ್‌ನಿಂದ ಇನ್ನೊಂದಕ್ಕೂ ಬದಲಾಗುತ್ತದೆ. ಕ್ರಿಸ್ಟಲ್‌ನದು ಇದಕ್ಕೆ ಉಲ್ಟಾ: ನಿಖರತೆ ಇದೆ, ವೇಗ ಇಲ್ಲ. ಪಿಎಲ್‌ಎಲ್ ಈ ಎರಡನ್ನು ಜೋಡಿಸುತ್ತದೆ. ವೇಗದ ಆಸಿಲೇಟರ್‌ನ ಔಟ್‌ಪುಟ್ಟನ್ನು ನಿಮಗೆ ಗೊತ್ತಿರುವ ಅದೇ ಫ್ಲಿಪ್‌ಫ್ಲಾಪ್‌ಗಳಿಂದ ಭಾಗಿಸಿ ಕೆಳಗೆ ತರುತ್ತದೆ. ಅದನ್ನು ಕ್ರಿಸ್ಟಲ್ ಜೊತೆ ಹೋಲಿಸುತ್ತದೆ. ಎರಡೂ ಒಂದೇ ಆಗುವವರೆಗೆ ವಿಸಿಒ ವೋಲ್ಟೇಜನ್ನು ತಿದ್ದುತ್ತಾ ಹೋಗುತ್ತದೆ. ಹೀಗೆ ಹಿಂದಿರುಗುವ ದಾರಿಯಲ್ಲಿ ಇಟ್ಟ ಭಾಗಾಕಾರವೇ ಮುಂದಿನ ದಾರಿಯಲ್ಲಿ ಗುಣಾಕಾರವಾಗುತ್ತದೆ.

ನಿಮ್ಮ ಬೋರ್ಡಿಗೆ ಸಾಮಾನ್ಯವಾಗಿ ಹಾಕುವ ಅಂಕಿಗಳನ್ನು ನೋಡಿ: `PLLM` 8, `PLLN` 336, `PLLP` 2, `PLLQ` 7. ಕ್ರಿಸ್ಟಲ್‌ನ 8 ಮೆಗಾಹರ್ಟ್ಸನ್ನು ಮೊದಲು `PLLM` ಭಾಗಿಸಿ 1 ಮೆಗಾಹರ್ಟ್ಸ್ ಮಾಡುತ್ತದೆ. ಇದು ಲೂಪಿನ ರೆಫರೆನ್ಸ್. ವಿಸಿಒ ಔಟ್‌ಪುಟ್ಟನ್ನು `PLLN` 336ರಿಂದ ಭಾಗಿಸುತ್ತದೆ. ಭಾಗಿಸಿ ಬಂದದ್ದು 1 ಮೆಗಾಹರ್ಟ್ಸ್ ಆಗಬೇಕಾದರೆ ವಿಸಿಒ 336 ಮೆಗಾಹರ್ಟ್ಸ್‌ನಲ್ಲೇ ಓಡಬೇಕು, ಬೇರೆ ದಾರಿ ಇಲ್ಲ. ಆ 336ನ್ನು `PLLP` ಎರಡರಿಂದ ಭಾಗಿಸಿ ಪ್ರೊಸೆಸರ್‌ಗೆ 168 ಕೊಡುತ್ತದೆ. `PLLQ` ಏಳರಿಂದ ಭಾಗಿಸಿ ಯುಎಸ್‌ಬಿಗೆ ಸರಿಯಾಗಿ 48 ಕೊಡುತ್ತದೆ. ಕೊನೆಯ ಎರಡು ಭಾಗಾಕಾರಗಳು ಲೂಪಿನ ಹೊರಗಿವೆ. ಲಾಕ್ ಆಗುವುದಕ್ಕೂ ಅವಕ್ಕೂ ಏನೂ ಸಂಬಂಧವಿಲ್ಲ.

ಈಗ ಹೋಲಿಕೆಯ ಕೆಲಸಕ್ಕೆ ಬರೋಣ. ಇದನ್ನು ಮಾಡುವ ಸರ್ಕ್ಯೂಟ್ ತುಂಬಾ ಚಿಕ್ಕದು. ಎರಡು ಡಿ ಫ್ಲಿಪ್‌ಫ್ಲಾಪ್, ಒಂದು ಆಂಡ್ ಗೇಟ್, ಅಷ್ಟೇ. ಎರಡೂ ಫ್ಲಿಪ್‌ಫ್ಲಾಪ್‌ಗಳ ಡಿ ಇನ್‌ಪುಟ್ ಯಾವಾಗಲೂ 1ಕ್ಕೆ ಕಟ್ಟಿರುತ್ತದೆ. ಒಂದಕ್ಕೆ ರೆಫರೆನ್ಸ್ ಕ್ಲಾಕ್, ಅದರ ಔಟ್‌ಪುಟ್ "ಅಪ್". ಇನ್ನೊಂದಕ್ಕೆ ವಿಸಿಒದಿಂದ ಭಾಗಿಸಿ ಬಂದ ಕ್ಲಾಕ್, ಅದರ ಔಟ್‌ಪುಟ್ "ಡೌನ್". ಎರಡೂ ಏರಿದ ಕೂಡಲೇ ಆಂಡ್ ಗೇಟ್ ಎರಡನ್ನೂ ರೀಸೆಟ್ ಮಾಡುತ್ತದೆ. ರೆಫರೆನ್ಸ್ ಎಡ್ಜ್ 10 ನ್ಯಾನೊಸೆಕೆಂಡ್ ಮುಂಚೆ ಬಂತು ಎಂದುಕೊಳ್ಳಿ. ಅಪ್ 10 ನ್ಯಾನೊಸೆಕೆಂಡ್ ಏರಿ ನಿಲ್ಲುತ್ತದೆ, ಆಮೇಲೆ ಡೌನ್ ಬಂದ ತಕ್ಷಣ ಎರಡೂ ಬೀಳುತ್ತವೆ. ಅಂದರೆ ಪಲ್ಸಿನ ಅಗಲವೇ ತಪ್ಪಿನ ಅಳತೆ. ಯಾವ ಪಿನ್ನಲ್ಲಿ ಪಲ್ಸ್ ಬಂತು ಎಂಬುದೇ ತಪ್ಪಿನ ದಿಕ್ಕು.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಗುಣ ಒಂದಿದೆ. ಎರಡು ಫ್ರೀಕ್ವೆನ್ಸಿಗಳು ಬಹಳ ದೂರ ಇದ್ದರೂ ಇದು ದಿಕ್ಕು ತಪ್ಪುವುದಿಲ್ಲ. ಎಕ್ಸ್ಆರ್ ಗೇಟನ್ನೇ ಹೋಲಿಕೆಗೆ ಬಳಸಿದರೆ, ಫ್ರೀಕ್ವೆನ್ಸಿ ದೂರ ಇದ್ದಾಗ ಔಟ್‌ಪುಟ್ ಸರಾಸರಿಯಲ್ಲಿ ಯಾವ ಕಡೆಗೂ ವಾಲುವುದಿಲ್ಲ, ಲೂಪ್ ಸುಮ್ನೆ ಅಲ್ಲೇ ಒದ್ದಾಡಬಹುದು. ಇಲ್ಲಿ ಹಾಗಲ್ಲ. ವಿಸಿಒ ನಿಧಾನ ಇದ್ದರೆ ರೆಫರೆನ್ಸ್ ಎಡ್ಜ್‌ಗಳೇ ಹೆಚ್ಚು ಬರುತ್ತವೆ. ಅಪ್ ಬಹುಪಾಲು ಹೊತ್ತು ಏರಿಯೇ ಇರುತ್ತದೆ, ಡೌನ್ ಕ್ಷಣಮಾತ್ರ ಇಣುಕಿ ಹೋಗುತ್ತದೆ. ಹಾಗಾಗಿ ಪವರ್ ಕೊಟ್ಟಾಗ ವಿಸಿಒ ಎಲ್ಲಿಂದ ಶುರು ಮಾಡಿದರೂ ಲೂಪ್ ಅದನ್ನು ಸರಿಯಾದ ಕಡೆಗೇ ಎಳೆಯುತ್ತದೆ.

ಈ ಪಲ್ಸ್‌ಗಳು ಚಾರ್ಜ್ ಪಂಪ್‌ಗೆ ಹೋಗುತ್ತವೆ. ಅದು ಎರಡು ಕರೆಂಟ್ ಸೋರ್ಸ್, ಎರಡು ಸ್ವಿಚ್. ಅಪ್ ಏರಿದ್ದಾಗ ಒಂದು ನಿಗದಿತ ಕರೆಂಟನ್ನು ಕೆಪಾಸಿಟರ್‌ಗೆ ತುಂಬುತ್ತದೆ, ಡೌನ್ ಏರಿದ್ದಾಗ ಅಷ್ಟನ್ನೇ ಹೊರಗೆ ಎಳೆಯುತ್ತದೆ. ಕೆಪಾಸಿಟರ್ ಮೇಲಿನ ವೋಲ್ಟೇಜೇ ವಿಸಿಒವನ್ನು ನಡೆಸುವುದು. ಎರಡೂ ಇಳಿದಿದ್ದಾಗ ಏನೂ ಹರಿಯುವುದಿಲ್ಲ, ಕೆಪಾಸಿಟರ್ ತನ್ನ ವೋಲ್ಟೇಜನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ. ವಿಸಿಒ ಎಷ್ಟು ವೇಗದಲ್ಲಿ ಓಡಬೇಕು ಎಂಬ ನೆನಪು ಇರುವುದು ಈ ಕೆಪಾಸಿಟರ್‌ನಲ್ಲಿ.

ಒಂದು ಲೆಕ್ಕ ಮಾಡೋಣ. ಕೆಳಗಿನ ಅಂಕಿಗಳು ಲೆಕ್ಕಕ್ಕೆಂದು ನಾನು ಆರಿಸಿಕೊಂಡವು, ನಿಮ್ಮ ಚಿಪ್ಪಿನ ಒಳಗಿನವಲ್ಲ. ಆದರೆ ಈ ತರಹದ ಲೂಪಿಗೆ ಒಪ್ಪುವಂಥವೇ. ಚಾರ್ಜ್ ಪಂಪ್ ಕರೆಂಟ್ 5 ಮೈಕ್ರೊಆಂಪ್. ವಿಸಿಒ ಪ್ರತಿ ವೋಲ್ಟಿಗೆ 400 ಮೆಗಾಹರ್ಟ್ಸ್ ಏರುತ್ತದೆ. ಕೆಪಾಸಿಟರ್ 240 ಪಿಕೊಫ್ಯಾರಡ್. ಶುರುವಿನಲ್ಲಿ ವಿಸಿಒ 200 ಮೆಗಾಹರ್ಟ್ಸ್‌ನಲ್ಲಿ ಎದ್ದಿತು ಎನ್ನೋಣ. 336ರಿಂದ ಭಾಗಿಸಿದರೆ ಸುಮಾರು 595 ಕಿಲೋಹರ್ಟ್ಸ್, ರೆಫರೆನ್ಸ್ 1 ಮೆಗಾಹರ್ಟ್ಸ್. ಇನ್ನೂ 136 ಮೆಗಾಹರ್ಟ್ಸ್ ಏರಬೇಕು, ಅಂದರೆ 0.34 ವೋಲ್ಟ್. 240 ಪಿಕೊಫ್ಯಾರಡ್‌ಗೆ 0.34 ವೋಲ್ಟ್ ತುಂಬಲು 5 ಮೈಕ್ರೊಆಂಪ್ ಎಡೆಬಿಡದೆ ಹರಿದರೆ 16 ಮೈಕ್ರೊಸೆಕೆಂಡ್ ಸಾಕು. ಅಪ್ ಪೂರ್ತಿ ಹೊತ್ತು ಏರಿರುವುದಿಲ್ಲ, ಆದ್ದರಿಂದ 20ರಿಂದ 30 ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಫ್ರೀಕ್ವೆನ್ಸಿ ಹತ್ತಿರ ಬಂದಿರುತ್ತದೆ. ಆಮೇಲೆ ಎಡ್ಜ್‌ಗಳು ಒಂದರ ಮೇಲೊಂದು ಕೂರುವ ಹಂತ. ಅದಕ್ಕೆ ಇನ್ನೊಂದಷ್ಟು ಮೈಕ್ರೊಸೆಕೆಂಡ್‌ಗಳು. ನಿಮ್ಮ ಚಿಪ್ಪಿನ ಡೇಟಾಶೀಟ್‌ನಲ್ಲಿ ವಿಸಿಒ 432 ಮೆಗಾಹರ್ಟ್ಸ್ ಇರುವಾಗ ಲಾಕ್ ಆಗಲು ಹೆಚ್ಚೆಂದರೆ 300 ಮೈಕ್ರೊಸೆಕೆಂಡ್ ಎಂದು ಬರೆದಿದೆ. ನಮ್ಮ ಲೆಕ್ಕವೂ ಅದೇ ಅಳತೆಯ ಸುತ್ತಮುತ್ತ ಇದೆ, ಅಲ್ವಾ?

ಲಾಕ್ ಎಂದರೆ ಏನು ಎಂದು ಕೇಳಿದ್ದೀರಿ. ಇಲ್ಲಿ ಒಂದು ಮಾತನ್ನು ಸರಿಯಾಗಿ ಹಿಡಿದುಕೊಳ್ಳಬೇಕು. ಲೂಪ್ ಹೋಲಿಸುವುದು ಎಡ್ಜ್ ಬರುವ ಹೊತ್ತನ್ನು, ಅಂದರೆ ಫೇಸನ್ನು. ಫ್ರೀಕ್ವೆನ್ಸಿಯನ್ನು ಅದು ನೇರವಾಗಿ ಅಳೆಯುವುದಿಲ್ಲ. ಇದರಿಂದಲೇ ಫ್ರೀಕ್ವೆನ್ಸಿ ಸರಿಸುಮಾರು ಅಲ್ಲ, ನಿಖರವಾಗಿ 336 ಪಟ್ಟು ಆಗುವುದು. ವಿಸಿಒ 336 ಮೆಗಾಹರ್ಟ್ಸ್‌ಗಿಂತ ಬರೀ 1 ಹರ್ಟ್ಸ್ ಕಡಿಮೆ ಓಡುತ್ತಿದೆ ಎಂದುಕೊಳ್ಳಿ. ಯಾವ ಸಾಮಾನ್ಯ ಮೀಟರಿಗೂ ಅದು ಕಾಣುವುದಿಲ್ಲ. ಆದರೆ ಭಾಗಿಸಿ ಬಂದ ಎಡ್ಜ್ ರೆಫರೆನ್ಸ್‌ಗಿಂತ ಪ್ರತಿ ಸಲ ಒಂದಿಷ್ಟು ತಡವಾಗುತ್ತಾ ಹೋಗುತ್ತದೆ. ಆ ತಡ ಕೂಡುತ್ತಲೇ ಇರುತ್ತದೆ. ಒಂದು ಸೆಕೆಂಡಿಗೆ ಸುಮಾರು 3 ನ್ಯಾನೊಸೆಕೆಂಡ್ ಆಗುತ್ತದೆ. ಬಿಟ್ಟರೆ 336 ಸೆಕೆಂಡಿನಲ್ಲಿ ಒಂದು ಪೂರ್ತಿ ಸೈಕಲ್ ಹಿಂದೆ ಬೀಳುತ್ತದೆ. ಲೂಪ್ ಅಷ್ಟು ಹೊತ್ತು ಬಿಡುವುದಿಲ್ಲ. ತಡ ಬೆಳೆದಂತೆ ಅಪ್ ಪಲ್ಸ್ ಅಗಲವಾಗುತ್ತದೆ, ಕೆಪಾಸಿಟರ್‌ಗೆ ಚಾರ್ಜ್ ಸೇರುತ್ತದೆ, ವಿಸಿಒ ಏರುತ್ತದೆ. ತಡ ಬೆಳೆಯುವುದು ನಿಲ್ಲುವುದು ಫ್ರೀಕ್ವೆನ್ಸಿ ವ್ಯತ್ಯಾಸ ಸೊನ್ನೆಯಾದಾಗ ಮಾತ್ರ. ಲಾಕ್ ಎಂದರೆ ಈ ಸ್ಥಿತಿ: ಎರಡು ಎಡ್ಜ್‌ಗಳ ನಡುವಿನ ಅಂತರ ಬೆಳೆಯದೆ ಒಂದೇ ಕಡೆ ನಿಂತಿದೆ, ಅದೂ ಸೊನ್ನೆಯ ಹತ್ತಿರ.

ನಿಖರ ಎಂದದ್ದು ಕ್ರಿಸ್ಟಲ್‌ಗೆ ಹೋಲಿಸಿ. ಕ್ರಿಸ್ಟಲ್‌ನಲ್ಲೇ 20 ಪಿಪಿಎಂ ತಪ್ಪಿದ್ದರೆ 8 ಮೆಗಾಹರ್ಟ್ಸ್‌ನಲ್ಲಿ ಅದು 160 ಹರ್ಟ್ಸ್. 168 ಮೆಗಾಹರ್ಟ್ಸ್‌ನಲ್ಲಿ ಅದೇ 3360 ಹರ್ಟ್ಸ್ ಆಗುತ್ತದೆ. ಲೂಪ್ ತಪ್ಪನ್ನು ತಿದ್ದುವುದಿಲ್ಲ, ಅದೇ ಪ್ರಮಾಣದಲ್ಲಿ ನಕಲು ಮಾಡುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಮೇಲೆ ಹೇಳಿದ ಹಾಗೆ ಕೆಪಾಸಿಟರ್ ಒಂದನ್ನೇ ಇಟ್ಟು ಲೂಪ್ ಕಟ್ಟಿದರೆ ಅದು ಎಂದೂ ಲಾಕ್ ಆಗುವುದಿಲ್ಲ, 336ರ ಮೇಲೆ ಕೆಳಗೆ ತೂಗಾಡುತ್ತಲೇ ಇರುತ್ತದೆ. ಮುಂದೆ ನಡೆದು ಹೋಗುತ್ತಿರುವ ಗೆಳೆಯನ ಜೊತೆ ಹೆಜ್ಜೆ ಹಾಕಬೇಕೆಂದು ನೀವು ಓಡುತ್ತೀರಿ ಎನ್ನಿ. "ಹಿಂದಿದ್ದೇನೆ, ಆದ್ದರಿಂದ ವೇಗ ಹೆಚ್ಚಿಸಬೇಕು" ಎಂಬ ಒಂದೇ ನಿಯಮ ಇಟ್ಟುಕೊಂಡರೆ, ಅವನ ಪಕ್ಕಕ್ಕೆ ಬಂದ ಕ್ಷಣದಲ್ಲಿ ನಿಮ್ಮ ವೇಗ ಅವನಿಗಿಂತ ಹೆಚ್ಚೇ ಇರುತ್ತದೆ. ದಾಟಿ ಮುಂದೆ ಹೋಗುತ್ತೀರಿ. ಆಮೇಲೆ ನಿಧಾನ ಮಾಡುತ್ತೀರಿ, ಮತ್ತೆ ಪಕ್ಕಕ್ಕೆ ಬರುವಾಗ ವೇಗ ಕಡಿಮೆ ಇರುತ್ತದೆ, ಹಿಂದೆ ಬೀಳುತ್ತೀರಿ. ಲೂಪಿನಲ್ಲೂ ಆಗುವುದು ಇದೇ. ಕೆಪಾಸಿಟರ್ ತಪ್ಪನ್ನು ಕೂಡಿಸಿ ವೇಗ ಮಾಡುತ್ತದೆ. ವಿಸಿಒ ಆ ವೇಗವನ್ನು ಮತ್ತೆ ಕೂಡಿಸಿ ಫೇಸ್ ಮಾಡುತ್ತದೆ. ಎರಡು ಸಲ ಕೂಡಿಸುವ ಲೂಪಿಗೆ ತಾನಾಗಿ ನಿಲ್ಲುವ ಗುಣ ಇಲ್ಲ.

ಇದಕ್ಕೆ ಮದ್ದು ಒಂದು ರೆಸಿಸ್ಟರ್. ಕೆಪಾಸಿಟರ್‌ನ ಜೊತೆ ಸರಣಿಯಲ್ಲಿ ಹಾಕುತ್ತಾರೆ. ನಮ್ಮ ಲೆಕ್ಕದಲ್ಲಿ 53 ಕಿಲೋಓಮ್ ಎನ್ನೋಣ. ಈಗ ಅಪ್ ಪಲ್ಸ್ ಬಂದಾಗ 5 ಮೈಕ್ರೊಆಂಪ್ ಈ ರೆಸಿಸ್ಟರ್ ಮೂಲಕ ಹರಿಯುತ್ತದೆ. ತಕ್ಷಣ 0.265 ವೋಲ್ಟ್ ಏರುತ್ತದೆ, ವಿಸಿಒ 106 ಮೆಗಾಹರ್ಟ್ಸ್ ಜಿಗಿಯುತ್ತದೆ. ಪಲ್ಸ್ ಮುಗಿದ ಕೂಡಲೇ ಆ ಜಿಗಿತ ಮಾಯ. ಅಂದರೆ ರೆಸಿಸ್ಟರ್ ಶಾಶ್ವತವಾಗಿ ವೇಗ ಬದಲಿಸದೆ ವಿಸಿಒವನ್ನು ಒಂದೆರಡು ಹೆಜ್ಜೆ ಮುಂದಕ್ಕೆ ತಳ್ಳಿ ಬಿಟ್ಟುಬಿಡುತ್ತದೆ.

ಎಷ್ಟು ಮುಂದಕ್ಕೆ? ತಪ್ಪು 10 ನ್ಯಾನೊಸೆಕೆಂಡ್ ಇದ್ದರೆ ಪಲ್ಸೂ 10 ನ್ಯಾನೊಸೆಕೆಂಡ್. ಅಷ್ಟು ಹೊತ್ತು 106 ಮೆಗಾಹರ್ಟ್ಸ್ ಹೆಚ್ಚು ಓಡಿದರೆ ವಿಸಿಒ 1.06 ಸೈಕಲ್ ಮುಂದೆ ಹೋಗುತ್ತದೆ. 336 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 3.2 ನ್ಯಾನೊಸೆಕೆಂಡ್. ಅಂದರೆ ಪ್ರತಿ ಹೋಲಿಕೆಯಲ್ಲಿ ತಪ್ಪಿನ ಮೂರನೇ ಒಂದು ಭಾಗ ಕರಗುತ್ತದೆ. ಅದೇ ಹೊತ್ತಿನಲ್ಲಿ ಕೆಪಾಸಿಟರ್‌ಗೆ ಸೇರುವುದು ಬರೀ 0.2 ಮಿಲಿವೋಲ್ಟ್. ಅದರಿಂದ ವಿಸಿಒ ಸುಮಾರು 83 ಕಿಲೋಹರ್ಟ್ಸ್ ಏರುತ್ತದೆ, ಮುಂದಿನ ಮೈಕ್ರೊಸೆಕೆಂಡಿನಲ್ಲಿ ಇನ್ನೊಂದು ಕಾಲು ನ್ಯಾನೊಸೆಕೆಂಡ್ ಸೇರಿಸುತ್ತದೆ. ರೆಸಿಸ್ಟರ್ ದೊಡ್ಡ ಪಾಲನ್ನು ಬೇಗ ತಿದ್ದುತ್ತದೆ, ಕೆಪಾಸಿಟರ್ ನಿಧಾನವಾಗಿ ಶಾಶ್ವತ ವೇಗವನ್ನು ಹೊಂದಿಸುತ್ತದೆ. ಈ ಎರಡರ ನಡುವಿನ ಅಂತರ ಚೆನ್ನಾಗಿದ್ದರೆ ಲೂಪ್ ತೂಗಾಡದೆ ಕೂರುತ್ತದೆ.

ಪ್ರತಿ ಸಲ 106 ಮೆಗಾಹರ್ಟ್ಸ್ ಜಿಗಿಯುವುದು ಕ್ಲಾಕಿಗೆ ಒಳ್ಳೆಯದಲ್ಲ. ಅದನ್ನು ಮೆತ್ತಗೆ ಮಾಡಲು ಇನ್ನೊಂದು ಚಿಕ್ಕ ಕೆಪಾಸಿಟರನ್ನು, ಸುಮಾರು 15 ಪಿಕೊಫ್ಯಾರಡ್, ಇಡೀ ಜೋಡಿಗೆ ಅಡ್ಡಲಾಗಿ ಹಾಕುತ್ತಾರೆ. ಅದು ಜಿಗಿತವನ್ನು ಹರಡುತ್ತದೆ. ಆದರೆ ಹರಡಿದಷ್ಟೂ ತಿದ್ದುಪಡಿ ತಡವಾಗುತ್ತದೆ, ಆದ್ದರಿಂದ ಇದನ್ನು ದೊಡ್ಡದು ಮಾಡಿದರೆ ಮತ್ತೆ ತೂಗಾಟ ಶುರು.

ಇದನ್ನೆಲ್ಲ ಕಣ್ಣಾರೆ ನೋಡಬೇಕು ಅನಿಸಿದರೆ ನಿಮ್ಮ STM32ರಲ್ಲಿ ಆಗುವುದಿಲ್ಲ. ಕಂಟ್ರೋಲ್ ವೋಲ್ಟೇಜ್ ಯಾವ ಪಿನ್ನಿಗೂ ಬರುವುದಿಲ್ಲ. ಒಂದು CD4046, ಒಂದು CD4017 ತನ್ನಿ, ಬ್ರೆಡ್‌ಬೋರ್ಡಿನ ಮೇಲೆ 1 ಕಿಲೋಹರ್ಟ್ಸನ್ನು 10 ಕಿಲೋಹರ್ಟ್ಸ್ ಮಾಡಿ. 4046ರ ವಿಸಿಒ ಔಟ್‌ಪುಟ್ 4ನೇ ಪಿನ್. ಅದನ್ನು 4017ರ ಕ್ಲಾಕಿಗೆ ಕೊಡಿ. 4017ರ 12ನೇ ಪಿನ್ನಿನಲ್ಲಿ ಹತ್ತರಿಂದ ಭಾಗಿಸಿದ್ದು ಬರುತ್ತದೆ, ಅದನ್ನು 4046ರ 3ನೇ ಪಿನ್ನಿಗೆ ಹಿಂದಿರುಗಿಸಿ. ರೆಫರೆನ್ಸ್ 14ಕ್ಕೆ. ಹೋಲಿಕೆಗೆ 13ನೇ ಪಿನ್ ಬಳಸಿ, ಏಕೆಂದರೆ ನಾನು ಮೇಲೆ ವಿವರಿಸಿದ ಬಗೆಯ ಹೋಲಿಕೆ ಅಲ್ಲಿದೆ. 2ನೇ ಪಿನ್ನಿನದು ಎಕ್ಸ್ಆರ್. ಫಿಲ್ಟರ್ ದಾಟಿ ವೋಲ್ಟೇಜ್ 9ನೇ ಪಿನ್ನಿಗೆ ಹೋಗುತ್ತದೆ. ಅಲ್ಲಿಗೇ ಸ್ಕೋಪ್ ಪ್ರೋಬ್ ಇಡಬೇಡಿ, ಪ್ರೋಬೇ ಕೆಪಾಸಿಟರ್‌ನ ಚಾರ್ಜನ್ನು ಎಳೆದುಬಿಡುತ್ತದೆ. 10ನೇ ಪಿನ್ನಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಹಾಕಿ ಅಲ್ಲಿ ನೋಡಿ. ಅದೇ ವೋಲ್ಟೇಜ್ ಸ್ವಲ್ಪ ಕೆಳಗಿಳಿದು ಅಲ್ಲಿ ಬರುತ್ತದೆ. ರೆಫರೆನ್ಸನ್ನು ಥಟ್ಟನೆ 1ರಿಂದ 1.1 ಕಿಲೋಹರ್ಟ್ಸ್‌ಗೆ ಬದಲಿಸಿದರೆ ವೋಲ್ಟೇಜ್ ಏರಿ, ಕೊಂಚ ದಾಟಿ, ಹಿಂದೆ ಬಂದು ಕೂರುವುದು ಕಾಣುತ್ತದೆ. ಕೆಪಾಸಿಟರ್ ಜೊತೆಗಿನ ರೆಸಿಸ್ಟರನ್ನು ವೈರಿನಿಂದ ಶಾರ್ಟ್ ಮಾಡಿ ಮತ್ತೆ ನೋಡಿ. ತೂಗಾಟ ಎಷ್ಟು ಹೊತ್ತು ಎಳೆಯುತ್ತದೆ ಎಂದು ಗೊತ್ತಾಗುತ್ತದೆ.

ನಿಮ್ಮ ಬೋರ್ಡಿಗೆ ವಾಪಸ್ ಬರೋಣ. 168 ಮೆಗಾಹರ್ಟ್ಸ್ ಪಡೆಯಲು 8 ಮತ್ತು 336 ಒಂದೇ ದಾರಿಯಲ್ಲ. `PLLM` 4, `PLLN` 168 ಇಟ್ಟರೂ ವಿಸಿಒ ಅದೇ 336. ನಾನು ಇದನ್ನೇ ಬಳಸಿ ಎನ್ನುತ್ತೇನೆ. ಈಗ ರೆಫರೆನ್ಸ್ 2 ಮೆಗಾಹರ್ಟ್ಸ್. ವಿಸಿಒ ತನ್ನಷ್ಟಕ್ಕೆ ಯಾವಾಗಲೂ ಕೊಂಚ ಅತ್ತಿತ್ತ ಜಾರುತ್ತಿರುತ್ತದೆ. ಒಂದು ಹೋಲಿಕೆಯಿಂದ ಇನ್ನೊಂದರವರೆಗೆ ಅದನ್ನು ಕೇಳುವವರಿಲ್ಲ. 336 ಇದ್ದಾಗ ಅದು 336 ಸೈಕಲ್ ಹೀಗೆ ಜಾರಬಹುದು. 168 ಇದ್ದಾಗ ಅರ್ಧದಷ್ಟು ಹೊತ್ತಿಗೇ ಅದನ್ನು ಹಿಡಿಯುತ್ತೇವೆ. ಕ್ಲಾಕಿನ ಎಡ್ಜ್ ಅತ್ತಿತ್ತ ಆಡುವುದನ್ನು ಜಿಟ್ಟರ್ ಎನ್ನುತ್ತಾರಲ್ಲ, ಅದು ಇದರಿಂದ ಕಡಿಮೆಯಾಗುತ್ತದೆ. ಈ ಚಿಪ್ಪಿನ ರೆಫರೆನ್ಸ್ ಮ್ಯಾನ್ಯುಯಲ್‌ನಲ್ಲಿ ವಿಸಿಒ ಇನ್‌ಪುಟ್ 1ರಿಂದ 2 ಮೆಗಾಹರ್ಟ್ಸ್ ನಡುವೆ ಇರಬೇಕು, ಜಿಟ್ಟರ್ ಕಡಿಮೆಯಾಗಲು 2 ಇಡುವುದು ಒಳ್ಳೆಯದು ಎಂದು ಬರೆದಿರುವುದು ಇದಕ್ಕೇ.

ಕೋಡ್ ಹೀಗಿರುತ್ತದೆ:

```c
RCC->CR |= RCC_CR_HSEON;
while (!(RCC->CR & RCC_CR_HSERDY)) {}

RCC->PLLCFGR = 4 | (168 << 6) | (0 << 16)
             | RCC_PLLCFGR_PLLSRC_HSE | (7 << 24);
RCC->CR |= RCC_CR_PLLON;
while (!(RCC->CR & RCC_CR_PLLRDY)) {}
```

`PLLP` ಜಾಗದಲ್ಲಿ 0 ಬರೆದರೆ ಎರಡರಿಂದ ಭಾಗಿಸು ಎಂದರ್ಥ, ಇಲ್ಲಿ ಹಲವರು ಎಡವುತ್ತಾರೆ. ಪಿಎಲ್‌ಎಲ್ ಆನ್ ಆಗಿರುವಾಗ ಈ ಅಂಕಿಗಳನ್ನು ಬದಲಿಸಲು ಆಗುವುದಿಲ್ಲ, ಮೊದಲು ಆಫ್ ಮಾಡಬೇಕು. ಕೊನೆಯ ಸಾಲನ್ನು ಬಿಡಲೇಬೇಡಿ. ಲಾಕ್ ಆಗುವ ಮುಂಚೆ ವಿಸಿಒ ದಾಟಿ ಹೋಗಿ ಹಿಂದೆ ಬರುತ್ತಿರುತ್ತದೆ ಎಂದು ನೋಡಿದೆವಲ್ಲ, ಆ ಹೊತ್ತಿನ ಕ್ಲಾಕನ್ನು ಪ್ರೊಸೆಸರ್‌ಗೆ ಕೊಡಬಾರದು. `PLLRDY` ಬಂದ ಮೇಲೆ ಫ್ಲಾಶ್‌ಗೆ 5 ವೇಟ್ ಸ್ಟೇಟ್ ಇಟ್ಟು, ಬಸ್ ಭಾಗಾಕಾರಗಳನ್ನು ಇಟ್ಟು, ಆಮೇಲೆ ಪಿಎಲ್‌ಎಲ್‌ಗೆ ಬದಲಾಯಿಸಿ. ಫ್ಲಾಶ್‌ನ ವೇಟ್ ಸ್ಟೇಟ್ ಮರೆತರೆ ಬದಲಾಯಿಸಿದ ಕ್ಷಣವೇ ಪ್ರೋಗ್ರಾಂ ದಾರಿ ತಪ್ಪುತ್ತದೆ. ಅದನ್ನು ಪಿಎಲ್‌ಎಲ್ ದೋಷ ಎಂದುಕೊಂಡು ಹುಡುಕುತ್ತಾ ಕೂರುವವರು ಜಾಸ್ತಿ.

ಇನ್ನು ನಿಮ್ಮ ಸೀರಿಯಲ್ ಕಸ. ಬೇರೆ ಬೋರ್ಡಿನ ಕೋಡ್ ಎಂದಿರಿ. ಈ ಚಿಪ್ಪಿನ ಹಲವು ಬೋರ್ಡ್‌ಗಳಲ್ಲಿ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುತ್ತದೆ, ಲೈಬ್ರರಿ ಫೈಲ್‌ಗಳಲ್ಲೂ ಕ್ರಿಸ್ಟಲ್ ಎಷ್ಟು ಹರ್ಟ್ಸ್ ಎಂದು ಹೇಳುವ `HSE_VALUE` 25000000 ಎಂದೇ ಇರುವುದು ಸಾಮಾನ್ಯ. ಇದರಿಂದ ಎರಡು ಬೇರೆ ಬೇರೆ ತಪ್ಪುಗಳು ಆಗಬಹುದು. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ.

ಮೊದಲನೆಯದು, ಕೋಡಿನಲ್ಲಿ `PLLM` 25 ಇರುವುದು. 25 ಮೆಗಾಹರ್ಟ್ಸ್ ಬೋರ್ಡಿನಲ್ಲಿ ಅದು 1 ಮೆಗಾಹರ್ಟ್ಸ್ ಕೊಡುತ್ತಿತ್ತು. ನಿಮ್ಮಲ್ಲಿ 8 ಭಾಗ 25, ಅಂದರೆ 0.32 ಮೆಗಾಹರ್ಟ್ಸ್. ವಿಸಿಒ 336 ಪಟ್ಟು, 107.52. ಪ್ರೊಸೆಸರ್‌ಗೆ 53.76. ಕೋಡ್ ಮಾತ್ರ 168 ಎಂದುಕೊಂಡು ಬಾಡ್ ರೇಟ್ ಲೆಕ್ಕ ಹಾಕಿದೆ. 115200 ಕೇಳಿದ ಕಡೆ ತಂತಿಯ ಮೇಲೆ ಬರುವುದು 36864.

ಎರಡನೆಯದು, `PLLM` ಸರಿಯಾಗಿ 8 ಇದೆ, ಆದರೆ `HSE_VALUE` 25000000 ಆಗಿಯೇ ಉಳಿದಿದೆ. ಈಗ ಚಿಪ್ ನಿಜವಾಗಿ 168ರಲ್ಲೇ ಓಡುತ್ತಿದೆ. ಆದರೆ ಲೈಬ್ರರಿ ಅದನ್ನು 525 ಮೆಗಾಹರ್ಟ್ಸ್ ಎಂದು ನಂಬಿ ಭಾಗಾಕಾರ ಇಡುತ್ತದೆ. ತಂತಿಯ ಮೇಲೆ ಬರುವುದು ಮತ್ತೆ 36864. ಎರಡು ಕಡೆಯೂ ತಪ್ಪಿನ ಪ್ರಮಾಣ 8 ಭಾಗ 25, ಅದಕ್ಕೇ ಅಂಕಿ ಒಂದೇ.

ಬಿಡಿಸಿ ನೋಡಲು ಪಿಎಲ್‌ಎಲ್ ಔಟ್‌ಪುಟ್ಟನ್ನೇ ಹೊರಗೆ ತನ್ನಿ. `PA8` ಪಿನ್ನನ್ನು `MCO1` ಮಾಡಿ, ಮೂಲ ಪಿಎಲ್‌ಎಲ್, ಭಾಗಾಕಾರ 5. ಸ್ಕೋಪಿನಲ್ಲಿ 10.752 ಮೆಗಾಹರ್ಟ್ಸ್ ಕಂಡರೆ ಮೊದಲ ತಪ್ಪು. 33.6 ಕಂಡರೆ ಪಿಎಲ್‌ಎಲ್ ಸರಿಯಿದೆ, ತಪ್ಪು `HSE_VALUE`ದು. ಕಡಿಮೆ ಬೆಲೆಯ 24 ಮೆಗಾಸ್ಯಾಂಪಲ್ ಲಾಜಿಕ್ ಅನಲೈಸರ್ 33.6ನ್ನು ತೋರಿಸಲಾರದು, ತಪ್ಪು ಅಂಕಿ ತೋರಿಸಿ ದಾರಿ ತಪ್ಪಿಸುತ್ತದೆ. ಸ್ಕೋಪ್ ಇಲ್ಲದಿದ್ದರೆ ಯುಎಸ್‌ಬಿ ಪ್ರಯತ್ನಿಸಿ. ಮೊದಲ ತಪ್ಪಿನಲ್ಲಿ ಅದಕ್ಕೆ 48ರ ಬದಲು 15.36 ಮೆಗಾಹರ್ಟ್ಸ್ ಹೋಗುತ್ತದೆ, ಕಂಪ್ಯೂಟರ್ ಬೋರ್ಡನ್ನು ಗುರುತಿಸುವುದೇ ಇಲ್ಲ. ಎರಡನೆಯದರಲ್ಲಿ ಕ್ಲಾಕ್ 48 ಇರುವುದರಿಂದ ಗುರುತಿಸುತ್ತದೆ.

ಮೊದಲ ತಪ್ಪನ್ನು "ಸ್ವಲ್ಪ ನಿಧಾನ ಓಡುತ್ತದೆ, ಇರಲಿ, ಬಾಡ್ ರೇಟ್ ತಿದ್ದಿಕೊಂಡರೆ ಸಾಕು" ಎಂದು ಬಿಡಬೇಡಿ. ಮೇಲಿನ ಲೆಕ್ಕವನ್ನು 0.32 ಮೆಗಾಹರ್ಟ್ಸ್ ರೆಫರೆನ್ಸಿಗೆ ಮತ್ತೆ ಮಾಡಿ. 10 ನ್ಯಾನೊಸೆಕೆಂಡ್ ತಪ್ಪಿಗೆ ವಿಸಿಒ ಅದೇ 1.06 ಸೈಕಲ್ ಮುಂದೆ ಹೋಗುತ್ತದೆ. ಆದರೆ ಈಗ ಒಂದು ಸೈಕಲ್ 9.3 ನ್ಯಾನೊಸೆಕೆಂಡ್, ಆದ್ದರಿಂದ ರೆಸಿಸ್ಟರ್ ಒಂದೇ 9.9 ನ್ಯಾನೊಸೆಕೆಂಡ್ ತಿದ್ದಿಬಿಡುತ್ತದೆ. ಕೆಪಾಸಿಟರ್ ಏರಿಸಿದ ವೇಗವೂ ಈಗ 1 ಮೈಕ್ರೊಸೆಕೆಂಡ್ ಅಲ್ಲ, 3.1 ಮೈಕ್ರೊಸೆಕೆಂಡ್ ನಡೆಯುತ್ತದೆ, ಇನ್ನೂ 2.4 ನ್ಯಾನೊಸೆಕೆಂಡ್ ಸೇರಿಸುತ್ತದೆ. 10ರ ತಪ್ಪಿಗೆ 12ಕ್ಕೂ ಹೆಚ್ಚು ತಿದ್ದುಪಡಿ. ಎಡ್ಜ್ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ. ಚಿಕ್ಕ ಕೆಪಾಸಿಟರ್‌ನ ತಡ ಸೇರಿದರೆ ಇನ್ನೂ ಕೆಡುತ್ತದೆ. ಲೂಪಿನ ರೆಸಿಸ್ಟರ್, ಕೆಪಾಸಿಟರ್‌ಗಳನ್ನು 1ರಿಂದ 2 ಮೆಗಾಹರ್ಟ್ಸ್ ರೆಫರೆನ್ಸಿಗೆಂದು ಚಿಪ್ಪಿನ ಒಳಗೆ ಕೂರಿಸಿರುತ್ತಾರೆ. ಅದರ ಕೆಳಗೆ ಹೋದರೆ `PLLRDY` ಬಂದರೂ ಬರಬಹುದು, ಆದರೆ ಕ್ಲಾಕ್ ಎಷ್ಟು ಅಲುಗಾಡುತ್ತಿದೆ ಎಂದು ಆ ಒಂದು ಬಿಟ್ ಹೇಳುವುದಿಲ್ಲ. ಹಾಗಿರುವ ಬೋರ್ಡ್ ಮೇಜಿನ ಮೇಲೆ ನೆಟ್ಟಗೆ ಓಡಿ, ಬಿಸಿಯಾದಾಗ ಕೈಕೊಡುವ ಸಾಧ್ಯತೆ ಇದೆ.

ಆದ್ದರಿಂದ ಎರಡನ್ನೂ ಸೇರಿಸಿಯೇ ಸರಿಮಾಡಿ: `HSE_VALUE` 8000000, `PLLM` 4, `PLLN` 168, `PLLP`ಗೆ 0, `PLLQ` 7. `HSE_VALUE`ವನ್ನು ಲೈಬ್ರರಿಯ ಹೆಡರ್ ಫೈಲಿನೊಳಗೆ ತಿದ್ದುವ ಬದಲು ಪ್ರಾಜೆಕ್ಟಿನ ಕಂಪೈಲರ್ ಸೆಟ್ಟಿಂಗ್‌ನಲ್ಲಿ ಕೊಡಿ. ಇಲ್ಲದಿದ್ದರೆ ಲೈಬ್ರರಿ ಅಪ್‌ಡೇಟ್ ಮಾಡಿದ ದಿನ 25 ಮತ್ತೆ ಬಂದು ಕೂರುತ್ತದೆ.